ಥಕ್ ಗಯೀ ಹೂಂ

ಪಂಚನಹಳ್ಳಿಯಲ್ಲಿ ನೆಲೆಸಿದ ನಿವೃತ್ತ ಹಿಂದಿ ಮೇಷ್ಟ್ರ ಹಿಂದಿಗೆ ಹೆಚ್ಚು ಕೆಲಸವಿರುವುದಿಲ್ಲ. ಕಡೂರು ತಾಲ್ಲೂಕಿನ ಈ ಬಯಲುಸೀಮೆಯ ಹೋಬಳಿಯಲ್ಲಿ ತೆಂಗು, ರಾಗಿ, ಅರಸೀಕೆರೆಯ ಕೊಬ್ಬರಿ ರೇಟು, ಬಾರದ ಮಳೆ ಇವಿಷ್ಟನ್ನೂ ಕನ್ನಡದಲ್ಲೇ ಮಾತಾಡಿ ಮುಗಿಸಬಹುದು. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನು ಪ್ರಾಥಮಿಕದಿಂದ ಪ್ರವೀಣದವರೆಗೆ ಕಟ್ಟಿ ಪಾಸು ಮಾಡಿದ್ದೆಲ್ಲ ಗೋಡೆಯ ಮೇಲೆ ಗಾಜು ಹಾಕಿಸಿಕೊಂಡು ತೂಗುತ್ತಿದೆ. ಮನೆಯಲ್ಲಿ ನನಗಿಂತ ಹೆಚ್ಚು ಹಿಂದಿ ಬಳಸುವವಳು ಹೆಂಡತಿ. ಅವಳು ಟಿವಿಯಲ್ಲಿ ಹಿಂದಿ ಧಾರಾವಾಹಿ ನೋಡುತ್ತಾಳೆ, ವ್ಯಾಕರಣದ ಹಂಗಿಲ್ಲದೆ ಅಳುತ್ತಾಳೆ.

ಅಕ್ಕನ ಮಗಳು ಸುಮಾಗೆ ಬೆಂಗಳೂರಿನಲ್ಲಿ ಸಬ್‌ಟೈಟಲ್ ಕೆಲಸ ಸಿಕ್ಕಿದ ಮೇಲೆ ನನ್ನನ್ನು ಕೇಳುವವರಾದರು. ಇಂಗ್ಲಿಷ್ ಧಾರಾವಾಹಿಗಳ ಮಾತನ್ನು ಹಿಂದಿಯಲ್ಲಿ ಬರೆದು ಪರದೆಯ ಕೆಳಗೆ ಕೂರಿಸುವ ಕೆಲಸ ಅದು. ಬರೆಯುವವರು ಬೇರೆ, ಸುಮಾ ತಿದ್ದುವವಳು. ಬರೆಯುವವರಿಗೆ ಎಷ್ಟೋ ಸಲ ಬರೀ ಸಾಲುಗಳನ್ನು ಕೊಡುತ್ತಾರಂತೆ, ಚಿತ್ರ ಆಮೇಲೆ ಬರುತ್ತದಂತೆ. ಯಾವ ಸಾಲು ಯಾರದು ಅನ್ನುವುದು ಊಹೆಗೆ ಬಿಟ್ಟದ್ದು. ಒಂದು ಸಂಜೆ ಫೋನಿನಲ್ಲಿ ಅವಳು ಅಳುವುದೋ ನಗುವುದೋ ತಿಳಿಯದವಳ ಹಾಗೆ ಹೇಳಿದಳು.

“ಮಾವ, ಇಲ್ಲೊಬ್ಬಳು ಹೈ ಹೀಲ್ಸ್ ಕಳಚಿ ಸೋಫಾದ ಮೇಲೆ ಬಿದ್ದುಕೊಂಡು ‘ಥಕ್ ಗಯಾ ಹೂಂ’ ಅಂತಿದಾಳೆ. ಆಮೇಲೆ ಯಾರೋ ಬಾಗಿಲು ಬಡಿದ್ರೆ ‘ಆಯಾ’ ಅಂತಾಳೆ. ಇಡೀ ಎಪಿಸೋಡು ಹಿಂಗೇ ಇದೆ.”

“ಇಂಗ್ಲಿಷಿನಲ್ಲಿ ಏನಿದೆಯಮ್ಮ?”

“ಟಯರ್ಡ್ ಅಂತಿದೆ. ಕಮಿಂಗ್ ಅಂತಿದೆ. ಅಷ್ಟೇ.”

ಅಷ್ಟೇ ಇದ್ದರೆ ಬರೆದವನನ್ನು ಬೈದು ಪ್ರಯೋಜನವಿಲ್ಲ. ಇಂಗ್ಲಿಷಿನ ಈ ಹರಟೆಯ ಸಾಲುಗಳಲ್ಲಿ ‘ನಾನು’ ಕೂಡ ಇರುವುದಿಲ್ಲ, ಇದ್ದರೂ ಆ ‘ಐ’ ಸೀರೆ ಉಟ್ಟಿದೆಯೋ ಪಂಚೆ ಉಟ್ಟಿದೆಯೋ ಹೇಳುವುದಿಲ್ಲ. ಹಿಂದಿಯಲ್ಲಿ ಬಾಯಿ ಬಿಟ್ಟರೆ ಹೇಳಲೇಬೇಕು. ದಣಿದವಳು ‘ಥಕ್ ಗಯೀ ಹೂಂ’, ದಣಿದವನು ‘ಥಕ್ ಗಯಾ ಹೂಂ’. ಹೋಗುತ್ತಿರುವವಳು ‘ಜಾ ರಹೀ ಹೂಂ’, ಆಮೇಲೆ ಫೋನ್ ಮಾಡುವವಳು ‘ಕರೂಂಗೀ’, ಹೇಳಲು ಮರೆತವಳು ‘ಭೂಲ್ ಗಯೀ’. ಬಾಗಿಲು ತೆಗೆಯಲು ಓಡುವವಳು ‘ಆಯೀ’. ಈ ಕೊನೆಯದು ನಮಗೆ ಹತ್ತಿರದ್ದು. ಒಳಗಿಂದ ಕೂಗುವಾಗ ನಾವೂ ‘ಬರ್ತಾ ಇದೀನಿ’ ಅನ್ನುವುದಿಲ್ಲ, ಎದ್ದೇ ಇರುವುದಿಲ್ಲ, ಆದರೂ ‘ಬಂದೆ’ ಅನ್ನುತ್ತೇವೆ. ಹಿಂದಿಯವರೂ ಅದೇ ಸುಳ್ಳನ್ನು ಭೂತಕಾಲದಲ್ಲೇ ಹೇಳುತ್ತಾರೆ. ಸುಳ್ಳು ಹೇಳಿದವರು ಗಂಡೋ ಹೆಣ್ಣೋ ಅನ್ನುವುದನ್ನು ಮಾತ್ರ ಜೊತೆಗೆ ತಿಳಿಸುತ್ತಾರೆ.

ಕನ್ನಡದವರ ಕೈಯಲ್ಲಿ ಈ ತಪ್ಪು ಹೆಚ್ಚಾಗಿ ಯಾಕೆ ಆಗುತ್ತದೆ ಅನ್ನುವುದನ್ನು ನಾನು ಪಾಠದ ಕೋಣೆಯಲ್ಲಿ ನೋಡಿ ಬಲ್ಲೆ. ನಮ್ಮ ಭಾಷೆಯಲ್ಲಿ ಲಿಂಗ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಆದರೆ ಅದು ಇಲ್ಲದವರ ಬಗ್ಗೆ ಮಾತಾಡುವಾಗ ಮಾತ್ರ ಬರುತ್ತದೆ: ಹೋದನು, ಹೋದಳು, ಹೋಯಿತು. ಎದುರಿಗಿರುವವರಿಗೆ ‘ಹೋದೆಯಾ’, ನಮ್ಮ ಬಗ್ಗೆ ‘ಹೋದೆ’. ಎದುರುಬದುರು ಕೂತ ಇಬ್ಬರು ತಾವು ಏನು ಅನ್ನುವುದನ್ನು ಪರಸ್ಪರ ಕ್ರಿಯಾಪದದಲ್ಲಿ ತಿಳಿಸುವ ಅಗತ್ಯ ಕನ್ನಡಕ್ಕೆ ಕಂಡಿಲ್ಲ. ಹಾಗಾಗಿ ಇಂಗ್ಲಿಷಿನಿಂದ ಹಿಂದಿಗೆ ಹೊರಟ ಕನ್ನಡಿಗನ ಸಾಲು ಮನಸ್ಸಿನೊಳಗೆ ಕನ್ನಡದ ಮೂಲಕ ಹಾದು ಹೋಗುತ್ತದೆ. ಎರಡು ಊರು ಯಾರೂ ತಡೆಯದೆ ದಾಟಿದ ಲಾರಿ ಮೂರನೆಯ ಚೆಕ್‌ಪೋಸ್ಟಿನಲ್ಲಿ ಕಾಗದ ತೋರಿಸಬೇಕಾದಾಗ ಚಾಲಕನ ಜೇಬಿನಲ್ಲಿ ಏನೂ ಇರುವುದಿಲ್ಲ. ಆಗ ಕೈಗೆ ಸಿಕ್ಕಿದ್ದನ್ನು ಕೊಡುತ್ತಾನೆ, ಕೈಗೆ ಸಿಗುವುದು ಯಾವಾಗಲೂ ‘ತಾ’. ವ್ಯಾಕರಣದ ಪುಸ್ತಕದಲ್ಲಿ ಮೊದಲು ಅಚ್ಚಾಗಿದ್ದದ್ದು ಅದೇ. ಆರನೆಯ ತರಗತಿಯ ಹೆಣ್ಣುಮಕ್ಕಳು ಎರಡು ಜಡೆ ಹಾರಿಸುತ್ತ ‘ಮೈಂ ಪಾಠಶಾಲಾ ಜಾತಾ ಹೂಂ’ ಅಂತ ಒಕ್ಕೊರಲಿನಲ್ಲಿ ಓದುವುದನ್ನು ಕೇಳದ ಹಿಂದಿ ಮೇಷ್ಟ್ರು ಕರ್ನಾಟಕದಲ್ಲಿ ಇರಲಾರರು.

ಹಿಂದಿ ಹೀಗೇಕೆ ಅಂದರೆ ಅದಕ್ಕೊಂದು ಹಳೆಯ ಕಾರಣವಿದೆ. ‘ಜಾತೀ’ ಅನ್ನುವುದು ಹುಟ್ಟಿನಲ್ಲಿ ಕ್ರಿಯಾಪದವೇ ಅಲ್ಲ, ವಿಶೇಷಣ, ‘ಹೋಗುತ್ತಿರುವ’ ಅನ್ನುವಂಥದ್ದು. ‘ಗಯೀ’ ಸಂಸ್ಕೃತದ ‘ಗತಾ’ ಕಡೆಯಿಂದ ಬಂದದ್ದು, ‘ಗಯಾ’ ‘ಗತಃ’ ಕಡೆಯಿಂದ. ಸಂಸ್ಕೃತದಲ್ಲಿ ವಿಶೇಷಣ ತಾನು ಅಂಟಿಕೊಂಡ ಹೆಸರಿನ ಲಿಂಗವನ್ನು ಹೊತ್ತುಕೊಳ್ಳಬೇಕು. ಹಿಂದಿಯಲ್ಲಿ ಆ ವಿಶೇಷಣವೇ ಕ್ರಿಯಾಪದದ ಕೆಲಸಕ್ಕೆ ನಿಂತಾಗ ಲಿಂಗವನ್ನೂ ಜೊತೆಗೆ ತಂದಿತು. ಪಕ್ಕದಲ್ಲಿರುವ ‘ಹೂಂ’ ನಿಜವಾದ ಕ್ರಿಯಾಪದ, ಅದಕ್ಕೆ ಗಂಡು ಹೆಣ್ಣಿನ ಗೊಡವೆಯಿಲ್ಲ. ‘ಜಾಊಂ’ ಕೂಡ ಹಳೆಯ ಕ್ರಿಯಾಪದ. ‘ಮೈಂ ಜಾಊಂ?’ ಅಂತ ಕೇಳಿದವರು ಯಾರೋ ಹೇಳಲಾಗದು. ಅದಕ್ಕೆ ‘ಗತ’ದ ಚೂರೊಂದು ಬಾಲದ ಹಾಗೆ ಅಂಟಿ ‘ಜಾಊಂಗೀ’ ಆದ ಕೂಡಲೇ ಗುಟ್ಟು ರಟ್ಟು. ಹೋಗಲೇ ಅಂತ ಅನುಮತಿ ಕೇಳುವವರೆಗೆ ಹಿಂದಿಯಲ್ಲಿ ಎಲ್ಲರೂ ಸಮಾನರು, ಹೋಗುತ್ತೇನೆ ಅಂತ ನಿರ್ಧಾರ ಮಾಡಿದ ಮೇಲೆ ಬೇರೆ ಬೇರೆ. ಇದರಲ್ಲಿ ಸಮಾಜಶಾಸ್ತ್ರ ಹುಡುಕಬಾರದು, ಆದರೂ ಹುಡುಕಬೇಕು ಅನಿಸುತ್ತದೆ.

ಸುಮಾಳ ಸಾಲುಗಳಿಗೆ ಬರೋಣ. ಅವಳಿಗೆ ಮೊದಲು ನಾನು ಹೇಳಿದ್ದು, ಹೇಳುವವಳು ಹೆಂಗಸು ಅಂತ ಗೊತ್ತಿದ್ದ ಮೇಲೆ ಯೋಚಿಸಬೇಡ, ‘ಈ’ಕಾರ ಹಾಕಿಕೊಂಡು ಹೋಗು ಅಂತ. ಇಂಗ್ಲಿಷಿನಲ್ಲಿ ಲಿಂಗ ಕಾಣುವುದಿಲ್ಲವಲ್ಲ, ಹಿಂದಿಯಲ್ಲೂ ಮುಚ್ಚಿಡೋಣ ಎಂಬ ಅತಿಜಾಣರಿದ್ದಾರೆ. ಅವರು ‘ಥಕ್ ಗಯೀ ಹೂಂ’ ಬಿಟ್ಟು ‘ಮುಝೇ ಥಕಾನ್ ಹೋ ರಹೀ ಹೈ’ ಅಂತ ಬರೆಯುತ್ತಾರೆ. ಹಿಂದಿಯಲ್ಲಿ ಅದು ಡಾಕ್ಟರ ಮುಂದೆ ಕೂತು ಹೇಳುವ ಮಾತು, ಹೀಲ್ಸ್ ಕಳಚಿ ಸೋಫಾಕ್ಕೆ ಬಿದ್ದವಳು ಹೇಳುವುದಲ್ಲ. ಇಂಗ್ಲಿಷಿನ ಹೆಂಗಸು ತನ್ನ ಲಿಂಗವನ್ನು ಮುಚ್ಚಿಡುತ್ತಿಲ್ಲ. ಅವಳ ಭಾಷೆ ಕೇಳಿಲ್ಲ, ಅವಳು ಹೇಳಿಲ್ಲ. ಹಿಂದಿಯ ಹೆಂಗಸೂ ಅದನ್ನು ಸಾರಿ ಹೇಳುತ್ತಿಲ್ಲ. ಅವಳ ಕಿವಿಗೆ ಆ ‘ಈ’ ಕೇಳಿಸುವುದೇ ಇಲ್ಲ. ತಪ್ಪಿದರೆ ಮಾತ್ರ ಕೇಳಿಸುತ್ತದೆ.

ಸುಮಾ ಹಾಗೇ ಮಾಡಿದಳು. ಕಡತದಲ್ಲಿ ‘ತಾ ಹೂಂ’, ‘ರಹಾ ಹೂಂ’, ‘ಊಂಗಾ’, ‘ಗಯಾ ಹೂಂ’ ಎಲ್ಲಿದ್ದರೂ ಹುಡುಕಿ ಹೆಣ್ಣಾಗಿಸಿದಳು. ಅವಳು ಸಾಲು ಓದಿದಾಗ ನಾನು ಹಿಂದಿಯಲ್ಲಿ ತಿರುಗಿ ಹೇಳಬೇಕು, ಕಿವಿಗೆ ಸರಿ ಕೇಳುತ್ತದೋ ನೋಡಲು. ತೋಟದ ಬದುವಿನ ಮೇಲೆ ಸಿಗ್ನಲ್ ಚೆನ್ನಾಗಿರುತ್ತದೆ. ಬಿಳಿ ಮೀಸೆಯವನೊಬ್ಬ ತೆಂಗಿನ ಮರಗಳ ನಡುವೆ ಓಡಾಡುತ್ತ ‘ಮೈಂ ಅಕೇಲೀ ಹೂಂ’, ‘ಮೈಂ ತುಮ್ಹಾರಾ ಇಂತಜಾರ್ ಕರ್ ರಹೀ ಥೀ’ ಅನ್ನುವುದನ್ನು ಬುತ್ತಿ ತಂದ ಹೆಂಡತಿ ಕೇಳಿಸಿಕೊಂಡಳು. ಅವಳ ಹಿಂದಿ ಧಾರಾವಾಹಿಯ ಹಿಂದಿಯಾದ್ದರಿಂದ ಈ ಎರಡು ವಾಕ್ಯ ಅವಳಿಗೆ ಪೂರ್ತಿ ಅರ್ಥವಾಗುತ್ತವೆ. “ಯಾರ್ ರೀ ಅದು?” ಅಂದಳು. ಸುಮಾ ಅಂದೆ. “ಅವಳು ಮಾತಾಡ್ಲಿ, ನೀವ್ಯಾಕೆ ಹೆಂಗಸಾಗಿದೀರಿ?” ಅಂದಳು. ಇದಕ್ಕೆ ಪ್ರವೀಣ ಪರೀಕ್ಷೆಯಲ್ಲಿ ಉತ್ತರ ಕಲಿಸಿರಲಿಲ್ಲ.

ಮಾರನೆಯ ದಿನ ಮತ್ತೆ ಫೋನು. ಈ ಸಲ ಸುಮಾಳ ಕೆಳಗಿನ ಹುಡುಗ ಉತ್ಸಾಹ ಹೆಚ್ಚಾಗಿ, ಹೆಂಗಸಿನ ಬಾಯಲ್ಲಿ ಕಂಡ ಎಲ್ಲ ‘ಆ’ಕಾರಗಳನ್ನೂ ‘ಈ’ ಮಾಡಿಬಿಟ್ಟಿದ್ದ. ‘ಮೈಂನೇ ಸೋಚಾ’ ಇದ್ದದ್ದು ‘ಮೈಂನೇ ಸೋಚೀ’ ಆಗಿತ್ತು, ‘ಮುಝೇ ಪತಾ ಥಾ’ ಇದ್ದದ್ದು ‘ಪತಾ ಥೀ’. ಮೊದಲಿನದು ಕಲಿಯದವನ ತಪ್ಪು, ಇದು ಕಲಿತವನ ತಪ್ಪು. ಇದನ್ನು ಬಿಡಿಸುವುದು ಕಷ್ಟ.

ಇಲ್ಲಿ ‘ನೇ’ ಎಂಬ ಅಕ್ಷರದ ಮಹಿಮೆ ಹೇಳಬೇಕು. ಸಕರ್ಮಕ ಕ್ರಿಯೆ ಮುಗಿದದ್ದನ್ನು ಹೇಳುವಾಗ ಹಿಂದಿಯ ಕರ್ತೃ ‘ನೇ’ ಹಾಕಿಕೊಂಡು ಪಕ್ಕಕ್ಕೆ ಸರಿಯುತ್ತಾನೆ ಅಥವಾ ಸರಿಯುತ್ತಾಳೆ, ಕ್ರಿಯಾಪದ ತಿರುಗಿ ಕರ್ಮದ ಮುಖ ನೋಡುತ್ತದೆ. ಇದನ್ನು ನಾನು ಪಾಠ ಮಾಡುತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಹೋಟೆಲಿನ ತಿಂಡಿಯಿಂದ. ಹಿಂದಿಯಲ್ಲಿ ಇಡ್ಲಿ ಹೆಣ್ಣು, ದೋಸೆ ಗಂಡು. ಅವರು ‘ಡೋಸಾ’ ಅನ್ನುತ್ತಾರಲ್ಲ, ಆ ದೀರ್ಘವೇ ಅದಕ್ಕೆ ಮೀಸೆ ಬರಿಸಿತು. ಆದ್ದರಿಂದ ಇಡ್ಲಿ ತಿಂದ ಹುಡುಗ ‘ಮೈಂನೇ ಇಡ್ಲೀ ಖಾಯೀ’ ಅನ್ನಬೇಕು, ದೋಸೆ ತಿಂದ ಹುಡುಗಿ ‘ಮೈಂನೇ ಡೋಸಾ ಖಾಯಾ’ ಅನ್ನಬೇಕು. ಚಹಾ ಹೆಣ್ಣು, ಹಾಲು ಗಂಡು. ಫಿಲ್ಮ್ ಹೆಣ್ಣು, ಅದೇ ಪರದೆಯ ಮೇಲಿನ ಅದೇ ಚಿತ್ರವನ್ನು ಸಿನೆಮಾ ಅಂದರೆ ಗಂಡು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು “ಸಾರ್, ಎರಡೂ ತಿಂದ್ರೆ?” ಅಂದಿದ್ದ. ಕೊನೆಗೆ ಯಾವುದು ತಿಂದೆಯೋ, ಕ್ರಿಯಾಪದಕ್ಕೆ ಯಾವುದು ಹತ್ತಿರವೋ, ಅದರ ಪ್ರಕಾರ ಅಂದೆ. ವ್ಯಾಕರಣವೂ ಸುಮಾರಾಗಿ ಅದನ್ನೇ ಹೇಳುತ್ತದೆ.

ಕರ್ಮವೇ ಇಲ್ಲದಿದ್ದರೆ, ಅಥವಾ ಕರ್ಮಕ್ಕೆ ‘ಕೋ’ ಅಂಟಿದ್ದರೆ, ಕ್ರಿಯಾಪದಕ್ಕೆ ನೋಡಲು ಯಾವ ಮುಖವೂ ಇರುವುದಿಲ್ಲ. ಆಗ ಅದು ‘ಆ’ಕಾರದಲ್ಲೇ ಸುಮ್ಮನೆ ನಿಲ್ಲುತ್ತದೆ. ‘ಮೈಂನೇ ಸೋಚಾ’ದಲ್ಲಿರುವ ‘ಆ’ ಗಂಡಸಲ್ಲ, ಯಾರೂ ಅಲ್ಲ. ಸುಮಾಳ ಹುಡುಗ ಆ ಖಾಲಿ ಕುರ್ಚಿಯಲ್ಲಿ ಗಂಡಸನ್ನು ಕಂಡು ಎಬ್ಬಿಸಿದ್ದ. ‘ಪತಾ ಥಾ’ ವಿಷಯ ಇನ್ನೂ ಸುಲಭ. ಅಲ್ಲಿ ಗೊತ್ತಿದ್ದವರು ‘ಮುಝೇ’, ನಮ್ಮ ‘ನನಗೆ’. ‘ಥಾ’ ಒಪ್ಪುವುದು ‘ಪತಾ’ ಎಂಬ ಪದಕ್ಕೆ. ಈ ‘ನನಗೆ’ ವಾಕ್ಯಗಳಲ್ಲಿ ಕನ್ನಡಿಗರು ಎಡವುವುದು ಕಡಿಮೆ. ನನಗೆ ಹಸಿವಾಗಿದೆ ಅಂದರೆ ಹಸಿವೇ ಆಗುವುದು, ನಾನಲ್ಲ. ಹಿಂದಿಯಲ್ಲೂ ‘ಮುಝೇ ಭೂಖ್ ಲಗೀ ಹೈ’ ಅನ್ನುವಾಗ ಹೆಣ್ಣಾಗಿರುವುದು ಹಸಿವು. ಹಸಿದವನು ಪೈಲ್ವಾನನೇ ಆಗಿರಬಹುದು.

ಹಾಗಾಗಿ ತಿದ್ದುವವಳಿಗೆ ನಾನು ಕೊಟ್ಟ ಉಪಾಯ ಇಷ್ಟೇ. ಬಾಲ ನೋಡಬೇಡ, ತಲೆ ನೋಡು. ಸಾಲಿನ ‘ನಾನು’ ಬರೀ ‘ಮೈಂ’ ಆಗಿದ್ದರೆ, ಅಥವಾ ಕಾಣದೆ ಹಾಗೆ ಇದ್ದರೆ, ಬಾಲದಲ್ಲಿ ‘ಈ’ ಇರಲೇಬೇಕು. ‘ಮೈಂನೇ’, ‘ಮುಝೇ’, ‘ಮುಝಸೇ’ ಇದ್ದರೆ ಬಾಲ ಇನ್ನಾರದ್ದೋ, ಮುಟ್ಟಬೇಡ. ಒಂದು ಮೋಸ ಉಂಟು: ‘ಲಾನಾ’, ‘ಭೂಲನಾ’ ಸಕರ್ಮಕದಂತೆ ಕಂಡರೂ ‘ನೇ’ ಹಾಕಿಕೊಳ್ಳುವುದಿಲ್ಲ. ಚಹಾ ತಂದವಳು ‘ಮೈಂ ಚಾಯ್ ಲಾಯೀ’, ತಂದವನು ‘ಮೈಂ ಚಾಯ್ ಲಾಯಾ’. ಕುಡಿದ ಮೇಲೆ ಇಬ್ಬರೂ ‘ಮೈಂನೇ ಚಾಯ್ ಪೀ’.

ಇಷ್ಟು ಕಟ್ಟುನಿಟ್ಟಾಗಿ ಪಾಠ ಹೇಳಿ ಮುಗಿಸುವಷ್ಟರಲ್ಲಿ ನಮ್ಮೂರಿನ ಒಂದು ಬ್ಯಾಂಕಿಗೆ ಬಿಹಾರದ ಹೆಣ್ಣುಮಗಳೊಬ್ಬಳು ಅಧಿಕಾರಿಯಾಗಿ ಬಂದಳು. ಪಿಂಚಣಿಗೆ ಹೋದವನು ಅಭ್ಯಾಸ ತಪ್ಪಬಾರದೆಂದು ಹಿಂದಿಯಲ್ಲಿ ಮಾತಾಡಿಸಿದೆ. ಆಕೆ ಎದ್ದು ನಿಂತು “ಬೈಠಿಯೇ, ಹಮ್ ಅಭೀ ಆತೇ ಹೈಂ” ಅಂದು ಒಳಗೆ ಹೋದಳು. ಹಮ್ ಅಂದರೆ ನಾವು, ‘ಆತೇ ಹೈಂ’ ಅಂದರೆ ಪುಲ್ಲಿಂಗ ಬಹುವಚನ. ಯಾರು ಯಾರು ಬರುತ್ತಾರೋ ಅಂತ ನೋಡುತ್ತ ಕೂತೆ. ಆಕೆ ಒಬ್ಬಳೇ ಬಂದಳು. ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದ ಕಡೆ ಒಬ್ಬರೇ ಇದ್ದರೂ ‘ಹಮ್’ ಅನ್ನುವುದು ರೂಢಿ, ಎಷ್ಟೋ ಮನೆಗಳಲ್ಲಿ ಹೆಂಗಸರೂ ಅದರ ಜೊತೆಗೆ ‘ಜಾತೇ ಹೈಂ’, ‘ಖಾಯೇಂಗೇ’ ಅಂತಲೇ ಹೇಳುತ್ತಾರೆ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ನಮ್ಮೂರಲ್ಲೇ. ಸುಮಾಗೆ ಹೇಳಿದರೆ “ನಮ್ಮ ನಾಯಕಿ ಪಟ್ನಾದವಳಲ್ಲ ಮಾವ, ಲಂಡನ್ನಿನವಳು” ಅಂದಳು. ಲಂಡನ್ನಿನವಳು ಹಿಂದಿಯಲ್ಲಿ ಯಾವ ಜಿಲ್ಲೆಯವಳಾಗಬೇಕು ಅನ್ನುವುದನ್ನು ಯಾರಾದರೂ ತೀರ್ಮಾನ ಮಾಡಿರಲೇಬೇಕಲ್ಲ.

ಆ ಬ್ಯಾಂಕಿನ ಹೆಣ್ಣುಮಗಳು ಕನ್ನಡ ಕಲಿಯಲು ಹೊರಟಳು. ಮೊದಲ ಪಾಠಕ್ಕೇ ನಿಂತಳು. ‘ನಾನು ಬರ್ತೀನಿ’ ಬರೆದುಕೊಂಡು, “ಇದು ಗಂಡಸರದಾ, ಹೆಂಗಸರದಾ?” ಅಂತ ಕೇಳಿದಳು. ಇಬ್ಬರದೂ ಅಂದೆ. ಏನೋ ಬಚ್ಚಿಡುತ್ತಿದ್ದಾರೆ ಈ ಮೇಷ್ಟ್ರು ಅನ್ನುವಂತೆ ನೋಡಿ, ಅಟೆಂಡರನ್ನು ಕರೆದು ‘ಬರ್ತೀನಿ’ ಅನ್ನಿಸಿದಳು, ಕಸ ಗುಡಿಸುವ ರತ್ನಮ್ಮನ ಬಾಯಲ್ಲೂ ಅನ್ನಿಸಿದಳು, ಆಮೇಲೆ ನಂಬಿದಳು. ಆ ಬ್ಯಾಂಕಿನ ಅರ್ಜಿ ನಮೂನೆಯಲ್ಲಿ ಮಾತ್ರ ಹಿಂದಿ ಸಾಲು ಇನ್ನೂ ‘ಘೋಷಣಾ ಕರತಾ/ಕರತೀ ಹೂಂ’ ಅಂತ ಎರಡು ಬಾಲ ಬಿಟ್ಟುಕೊಂಡು ಕೂತಿದೆ. ಅದರ ಪಕ್ಕದ ಕನ್ನಡ ‘ಘೋಷಿಸುತ್ತೇನೆ’ ಅಂತ ಒಂದರಲ್ಲೇ ಮುಗಿಸಿದೆ. ಅರ್ಜಿಯಲ್ಲಿ ಅಡ್ಡಗೆರೆ ನಡೆಯುತ್ತದೆ. ಸೋಫಾದ ಮೇಲೆ ಬಿದ್ದವಳು ‘ಥಕ್ ಗಯಾ/ಗಯೀ ಹೂಂ’ ಅನ್ನಲಾರಳು.

ನಡುವೆ ಒಂದು ನೆನಪು. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತಾಗ ಹಿಂದಿಯಲ್ಲಿ ಒಂದು ಘೋಷಣೆ ಹುಟ್ಟಿ ದೇಶವೆಲ್ಲ ಓಡಾಡಿತು: ಆಕೆ ಒಂಟಿ ಹೆಣ್ಣುಸಿಂಹ, ಎದುರಿಗಿರುವವರು ನೂರು ಮುಸುವಗಳು ಅನ್ನುವ ಅರ್ಥದ್ದು. ಅದನ್ನು ಕಟ್ಟಿದವರ ಜಾಣತನ ನನಗೆ ಈಗ ಹೊಳೆಯುತ್ತದೆ. ಇಡೀ ಘೋಷಣೆಯಲ್ಲಿ ಕ್ರಿಯಾಪದವೇ ಇಲ್ಲ. ಹಾಗಾಗಿ ನಮ್ಮ ಜಿಲ್ಲೆಯವರು ಅದನ್ನು ಒಂದು ತಪ್ಪೂ ಇಲ್ಲದೆ ಕೂಗಬಹುದಾಗಿತ್ತು.

ಲಿಂಗವನ್ನು ನಿಜಕ್ಕೂ ಮುಚ್ಚಿಡಬೇಕಾದ ಸಂದರ್ಭ ಸುಮಾಗೆ ಕೊನೆಗೂ ಬಂತು. ಇನ್ನೊಂದು ಧಾರಾವಾಹಿ, ಪತ್ತೇದಾರಿಯದು. ನಾಯಕನಿಗೆ ಯಾರೋ ಮೆಸೇಜು ಕಳಿಸುತ್ತಿರುತ್ತಾರೆ. ಕಳಿಸುವವಳು ಹೆಂಗಸು ಅನ್ನುವುದು ಕೊನೆಯ ಕಂತಿನಲ್ಲಿ ಗೊತ್ತಾಗಬೇಕು. ಅಲ್ಲಿಯವರೆಗೆ ನೋಡುವವರು ಒಬ್ಬ ಗಂಡಸಿನ ಮೇಲೆ ಅನುಮಾನ ಪಡುತ್ತಿರಬೇಕು. ಇಂಗ್ಲಿಷಿನಲ್ಲಿ ಮೂರೇ ತುಂಡು: ನಿನ್ನನ್ನು ನೋಡಿದೆ, ಎಲ್ಲಿದ್ದೆ ಅಂತ ಗೊತ್ತು, ನಾಳೆ ಬರುತ್ತೇನೆ. ಕನ್ನಡಕ್ಕಾದರೆ ಈಗ ಬರೆದ ಹಾಗೆಯೇ ಬರೆದು ಕೈ ತೊಳೆದುಕೊಳ್ಳಬಹುದು. ಹಿಂದಿಯಲ್ಲಿ ಎರಡೂ ಕಡೆ ಅಪಾಯ. ‘ದೇಖ್ ರಹೀ ಥೀ’ ಅಂದರೆ ಮೊದಲ ಕಂತಿನಲ್ಲೇ ಕಥೆ ಮುಗಿಯಿತು. ‘ದೇಖ್ ರಹಾ ಥಾ’ ಅಂದರೆ ಸುಳ್ಳು, ಕೊನೆಯ ಕಂತಿನಲ್ಲಿ ಪ್ರೇಕ್ಷಕ ಮೋಸವಾಯಿತು ಅಂತ ಬೈಯುತ್ತಾನೆ. ಬೈಯಲು ಅವನಿಗೆ ಹಕ್ಕಿದೆ.

ಮೊದಲ ಸಾಲಿಗೆ ‘ನೇ’ ಕೈ ಹಿಡಿಯಿತು. ‘ಮೈಂನೇ ತುಮ್ಹೇಂ ದೇಖಾ ಥಾ’. ಕರ್ಮ ‘ತುಮ್ಹೇಂ’ ಆದ್ದರಿಂದ ಕ್ರಿಯಾಪದ ಯಾರ ಮುಖವನ್ನೂ ನೋಡದೆ ನಿಂತಿತು. ಎರಡನೆಯದು ‘ಮುಝೇ ಪತಾ ಹೈ ತುಮ್ ಕಹಾಂ ಥೇ’. ಇಲ್ಲಿ ‘ಥೇ’ ಓದುವವನ ಲಿಂಗ ಹೇಳುತ್ತದೆ, ಅವನು ನಾಯಕ, ಗುಟ್ಟೇನಿಲ್ಲ. ಮೂರನೆಯದರಲ್ಲಿ ಇಬ್ಬರೂ ಸಿಕ್ಕಿಕೊಂಡೆವು. ‘ಕಲ್ ಆಊಂಗೀ’ ಆಗದು, ‘ಆಊಂಗಾ’ ಆಗದು. ‘ಕಲ್ ಮುಲಾಕಾತ್ ಹೋಗೀ’ ಅಂದೆ. ಅಲ್ಲಿ ಹೆಣ್ಣು ಮುಲಾಕಾತ್, ಭೇಟಿ. ಸುಮಾ ಒಪ್ಪಲಿಲ್ಲ. “ಅದು ತಹಸೀಲ್ದಾರ್ ಆಫೀಸಿನಿಂದ ಬಂದ ಮೆಸೇಜ್ ಥರ ಇದೆ ಮಾವ, ಹೆದರಿಕೆ ಆಗಲ್ಲ” ಅಂದಳು. ನಿಜ. ಕೊನೆಗೆ ‘ಕಲ್ ಮಿಲತೇ ಹೈಂ’ ಅಂದಳು. ನಾವಿಬ್ಬರೂ ಸೇರುತ್ತೇವೆ ಅಂದಾಗ ಮೆಸೇಜು ಓದುವ ಗಂಡಸೂ ಅದರೊಳಗೆ ಬಂದುಬಿಡುತ್ತಾನೆ, ಬಹುವಚನ ಪುಲ್ಲಿಂಗವಾಗಲು ಅವನೊಬ್ಬ ಸಾಕು, ಕಳಿಸಿದವಳು ಅವನ ಮರೆಯಲ್ಲಿ ನಿಲ್ಲಬಹುದು. ಜೊತೆಗೆ ಸ್ನೇಹಿತರು ದಿನವೂ ಆಡುವ ಮಾತಾದ್ದರಿಂದ ಹೆದರಿಕೆಯೂ ಚೆನ್ನಾಗಿಯೇ ಆಗುತ್ತದೆ. ಇದು ನನ್ನದಕ್ಕಿಂತ ಉತ್ತಮ ಅಂತ ಆಗಲೇ ಹೇಳಿದೆ. ಮೇಷ್ಟ್ರಿಗೆ ಹೀಗೆ ಹೇಳುವ ಅಭ್ಯಾಸ ನಿವೃತ್ತಿಯ ನಂತರ ಬರುತ್ತದೆ.

ಕೊನೆಯ ಕಂತಿನಲ್ಲಿ ಆಕೆ ಕಿಟಕಿಯ ಕಡೆ ಮುಖ ಮಾಡಿ ನಿಂತಿರುತ್ತಾಳಂತೆ, ಹುಡ್ ಇರುವ ದೊಗಳೆ ಕೋಟು. ‘ಇಟ್ ವಾಸ್ ಮಿ’ ಅಂತ ಪಿಸುದನಿಯಲ್ಲಿ ಹೇಳಿ ನಿಧಾನ ತಿರುಗುತ್ತಾಳೆ. ಸುಮಾ ‘ವೋ ಮೈಂ ಥೀ’ ಅಂತ ಖುಷಿಯಿಂದ ಬರೆದಿದ್ದಳು. ಇಷ್ಟು ದಿನ ತಡೆಹಿಡಿದ ‘ಈ’ ಅದು. ಆದರೆ ಸಬ್‌ಟೈಟಲ್ ಮಾತು ಶುರುವಾಗುತ್ತಿದ್ದಂತೆಯೇ ಪರದೆಗೆ ಬರುತ್ತದೆ, ಮುಖ ತಿರುಗುವುದು ಮಾತು ಮುಗಿದ ಮೇಲೆ. ಓದುವ ಕಣ್ಣು ಕ್ಯಾಮೆರಾಕ್ಕಿಂತ ಮುಂದೆ ಓಡಿ ಗುಟ್ಟು ಹಿಡಿದುಬಿಡುತ್ತದೆ. ಹಾಗಾಗಿ ಅದನ್ನು ‘ಸಬ್ ಮೈಂನೇ ಕಿಯಾ ಥಾ’ ಮಾಡಿದೆವು. ತಿರುಗಿದ ಮೇಲೆ ಅವಳಿಗೆ ಇನ್ನೊಂದು ಸಾಲಿತ್ತು, ಬಚ್ಚಿಟ್ಟುಕೊಂಡು ಸಾಕಾಯಿತು ಅನ್ನುವ ಧಾಟಿಯಲ್ಲಿ ಒಂದೇ ಪದ. ಅದಕ್ಕೆ ‘ಥಕ್ ಗಯೀ ಹೂಂ’ ಹಾಕಿದೆವು. ಈ ಸಲ ಆ ‘ಈ’ ಎಲ್ಲರಿಗೂ ಕೇಳಿಸುತ್ತದೆ.

ಇದಕ್ಕೆಲ್ಲ ಏನು ಕೊಡುತ್ತಾರಮ್ಮ ಅಂತ ಕೇಳಿದೆ. ವಿಡಿಯೋ ಎಷ್ಟು ನಿಮಿಷ ಓಡುತ್ತದೋ ಆ ಲೆಕ್ಕದಲ್ಲಿ ಕೊಡುತ್ತಾರಂತೆ. ಅವಳು ಕಿಟಕಿಯಿಂದ ತಿರುಗುವುದಕ್ಕೆ ಹಿಡಿಯುವಷ್ಟು ಹೊತ್ತಿಗೆ ಎಷ್ಟಾಯಿತು ಅಂತ ಹೆಂಡತಿ ಬೆರಳು ಮಡಿಸಿ ಎಣಿಸಿ ನೋಡಿ, ಒಂದು ಎಳನೀರು ಬರುವುದಿಲ್ಲ ಅಂದಳು.